ಮೇಷ್ಟ್ರ ಕರಿ ಕೋಟು

ನಮ್ಮದು ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿ. ಕೊಟ್ಟು ಹೋಗುವಾಗ ಇರುವ ಅವಸರ ಒಯ್ಯುವಾಗ ಯಾರಿಗೂ ಇರುವುದಿಲ್ಲ. ಹ್ಯಾಂಗರ್‌ಗಳು ತುಂಬಿ, ಹೊಸ ಬಟ್ಟೆ ತೂಗುಹಾಕಲು ಜಾಗವಿಲ್ಲದಾಗ, ನಮ್ಮ ಯಜಮಾನರು ಫೋನಿನ ಬರೆಯುವ ಆ್ಯಪ್‌ನಿಂದ ಗಿರಾಕಿಗಳಿಗೆ ಮೆಸೇಜ್ ಬರೆಸತೊಡಗಿದರು. ಅದು ಬರೆದದ್ದು: ‘ನಿಮ್ಮ ಉಡುಪುಗಳು ನಿಮ್ಮ ಮೃದು ಸ್ಪರ್ಶಕ್ಕಾಗಿ ಹಂಬಲಿಸುತ್ತಿವೆ.’ ಇವರು ‘ಚೆನ್ನಾಗಿಲ್ಲ, ಬೇರೆ ಬರಿ’ ಅಂದಾಗಲೆಲ್ಲ ಅದು ಬೇರೆ ಪಾತ್ರೆಯಲ್ಲಿ ಅದೇ ಪಾಕ ಬಡಿಸುತ್ತಿತ್ತು.

“ಚೆನ್ನಾಗಿಲ್ಲ ಅಂದ್ರೆ ಅದಕ್ಕೇನು ಕನಸು ಬೀಳುತ್ತಾ? ಹೇಗಿರ್ಬೇಕು ಅಂತ ಹೇಳ್ರೀ,” ಅಂದೆ. ಫೋನು ಕಸಿದುಕೊಂಡು ನಾನೇ ಬರೆದೆ: ‘ಸಿಹಿ ಬೇಡ. ಮುಖ ಗಂಟಿಕ್ಕಿಕೊಂಡೇ ತಮಾಷೆ ಮಾಡುವವರ ಹಾಗೆ, ಸ್ವಲ್ಪ ಕೊಂಕು ಇರಲಿ. ಎರಡೇ ಸಾಲು.’ ಒಂದೇ ಏಟಿಗೆ ಬಂತು: ‘ನಿಮ್ಮ ಸೀರೆ ಈಗ ನಮ್ಮ ಮನೆಯವಳಂತೆ ಆಗಿದೆ. ಊಟ ಕೇಳುವ ಮೊದಲು ಬಂದು ಕರೆದೊಯ್ಯಿರಿ.’

ಗಿರಾಕಿಗಳು ನಗುತ್ತಾ ಬಂದರು. ನನ್ನ ಜಂಬಕ್ಕೆ ಮಿತಿಯಿರಲಿಲ್ಲ. ಉಳಿದ ಬಟ್ಟೆಗಳಿಗೆ ಸಿಕ್ಕಿಸಿದ್ದ ಚೀಟಿಗಳನ್ನು ಇವರು ಓದುತ್ತಿದ್ದರು, ನಾನು ‘ಇದಕ್ಕೂ ಅದೇ ಧಾಟಿ’ ಎಂದು ಒತ್ತುತ್ತಿದ್ದೆ. ‘ಮೇಷ್ಟ್ರು, ಕರಿ ಕೋಟು’ ಎಂದು ಇವರು ಓದಿದಾಗಲೂ ಕೈ ನಿಲ್ಲಲಿಲ್ಲ. ಮೇಷ್ಟ್ರು ತೀರಿಕೊಂಡಾಗ ನಾವಿಬ್ಬರೂ ಅವರ ಮನೆಗೆ ಹೋಗಿ ತಲೆ ತಗ್ಗಿಸಿ ಕೂತು ಬಂದಿದ್ದೆವು. ಆ್ಯಪ್‌ನಿಂದ ಬಂದ ಸಾಲು ಓದಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಕಳಿಸಿಬಿಟ್ಟೆವು.

ಮಧ್ಯಾಹ್ನ ಮೇಷ್ಟ್ರ ಹೆಂಡತಿ ಬಂದರು. ಕೈಯಲ್ಲಿ ಮೇಷ್ಟ್ರ ಫೋನಿತ್ತು. ನಮ್ಮ ಮುಂದೆಯೇ ನಿಧಾನವಾಗಿ ಓದಿದರು: “ನಿಮ್ಮ ಕೋಟು ಇಲ್ಲಿ ಸುಖವಾಗಿದೆ. ನಿಮಗೆ ಬರುವ ಮನಸ್ಸಿಲ್ಲದಿದ್ದರೆ ತಿಳಿಸಿ, ಅದಕ್ಕೆ ಬೇರೆ ಯಜಮಾನರನ್ನು ಹುಡುಕುತ್ತೇವೆ.”

ಮೇಷ್ಟ್ರು ಇಲ್ಲವೆಂಬುದು ಆಗ ನೆನಪಾಯಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಇವರು ತೊದಲುತ್ತಾ, “ಅಕ್ಕಾ, ಅದು ನಾವು ಬರೆದಿದ್ದಲ್ಲ, ಮಿಷಿನ್ನು ಬರೆದಿದ್ದು,” ಅಂದರು. ನಾನೂ ಹೌದೆಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

“ಚೆನ್ನಾಗೇ ಬರೆದಿದೆ. ಅವರು ಇದ್ದಿದ್ರೆ ನಕ್ಕಿರೋರು,” ಅಂದರು ಆಕೆ. ನಾನು ತೆಗೆದುಕೊಟ್ಟ ಕೋಟಿನ ಕಾಲರ್ ಸರಿಮಾಡಿ ತೋಳಿನ ಮೇಲೆ ಹಾಕಿಕೊಂಡರು. “ಅವರು ಹೋಗಿದ್ದು ಆ ಮಿಷಿನ್ನಿಗೆ ಗೊತ್ತಿತ್ತಾ?”

“ಇಲ್ಲ ಅಕ್ಕಾ. ನಾವು ಹೇಳಿರಲಿಲ್ಲ. ಹೇಗೆ ಬರೀಬೇಕು ಅಂತ ಮಾತ್ರ ಹೇಳಿದ್ದು,” ಅಂದೆ.

“ಹೇಳಿದ್ದು ಯಾರು?”

ಇವರು ನೆಲ ನೋಡುತ್ತಿದ್ದರು. “ನಾನೇ,” ಅಂದೆ.

ಆಕೆ ಬೈಯಲಿಲ್ಲ. “ನೀನು ನಮ್ಮನೆಗೆ ಬಂದಿದ್ದೆಯಲ್ಲಮ್ಮ,” ಅಂದು, ಕೋಟು ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದರು.