ಬೆಳ್ಳುಳ್ಳಿ ತಿನ್ನದ ಬಾಯಿ

ಅನುರಾಧಾ ವೈನಿ ಬೆಳ್ಳುಳ್ಳಿ ತಿಂದು ಬಂದಿದ್ದಾರೆ ಎಂದು ನಮ್ಮ ಜಯತೀರ್ಥಾಚಾರ್ಯರು ಹೇಳಿದ್ದು ಅಡುಗೆಮನೆಯ ನಟ್ಟನಡುವೆ, ನಮ್ಮೆಲ್ಲರ ಎದುರಿಗೆ. ವೈನಿಯ ಕೈಯಲ್ಲಿದ್ದ ಸೌಟು ಹುಳಿಯೊಳಗೆ ಬಿತ್ತು. ಯಾರೂ ಅದನ್ನು ತೆಗೆಯಲಿಲ್ಲ.

ಬೇರೆ ಕಡೆ ಇದೊಂದು ಮಾತೇ ಅಲ್ಲ. ಬೆಳ್ಳುಳ್ಳಿ ತಿಂದರೆ ತಿಂದರು, ಅವರ ಬಾಯಿ ಅವರದು. ಆದರೆ ಮಾಟುಂಗದಲ್ಲಿ ಸ್ಟೇಷನ್ನಿನ ಹಿಂದಿನ ಬಿಲ್ಡಿಂಗಿನ ತಳಮಹಡಿಯಿಂದ ಊಟದ ಡಬ್ಬಿ ಕಳಿಸುವ ಆಚಾರ್ಯರ ಅಡುಗೆಮನೆ ಬದುಕಿರುವುದೇ ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂಬ ಒಂದು ಬೋರ್ಡಿನ ಮೇಲೆ. ಮಡಿ ಮುದುಕರು, ವ್ರತದವರು, ಗುಜರಾತಿ ಸೇಠರು ಎಲ್ಲರೂ ನಮ್ಮ ಡಬ್ಬಿಯನ್ನು ನಂಬಿ ಉಣ್ಣುತ್ತಾರೆ. ಅದರಲ್ಲೂ ಚಾತುರ್ಮಾಸ್ಯ ಬಂದರೆ ಆಚಾರ್ಯರಿಗೆ ನಿದ್ದೆಯೇ ಬರುವುದಿಲ್ಲ. ಇಂಥ ಕಡೆ ಮುಖ್ಯ ಒಲೆಯ ಮುಂದೆ ನಿಂತವರ ಬಾಯಿಂದಲೇ ಬೆಳ್ಳುಳ್ಳಿ ವಾಸನೆ ಬಂದರೆ!

ವೈನಿ ಎಂದರೆ ಅತ್ತಿಗೆ, ನಾವೆಲ್ಲ ಅವರನ್ನು ಕರೆಯುವುದೇ ಹಾಗೆ. ಅವರು ಬಾಗಲಕೋಟೆ ಕಡೆಯ ವೈಷ್ಣವರ ಮನೆಯವರು. ಹುಟ್ಟಿದಾಗಿನಿಂದ ಬೆಳ್ಳುಳ್ಳಿ ಮುಟ್ಟಿದವರಲ್ಲ. ಅವರ ಪಕ್ಕದಲ್ಲಿ ನಿಂತು ಚಪಾತಿ ಲಟ್ಟಿಸುವ ನನಗೆ, ಅಂದರೆ ಈ ಮಂದಾಕಿನಿಗೆ, ಅದು ಚೆನ್ನಾಗಿ ಗೊತ್ತು. ಆದರೆ ವಾಸನೆ ಬರುತ್ತಿದ್ದದ್ದೂ ನಿಜ. ನನ್ನ ಮೂಗೇನು ಸುಳ್ಳು ಹೇಳುತ್ತದೆಯೇ?

"ಆಚಾರ್ರ, ನಾ ಬೆಳ್ಳುಳ್ಳಿ ತಿಂದಿಲ್ರಿ" ಎಂದರು ವೈನಿ.

"ಹಂಗಾದ್ರ ಆ ವಾಸನಿ ಎಲ್ಲಿಂದ ಬರ್ತದ? ನನ್ನ ಬಾಯಿಂದೇನು?" ಎಂದು ಆಚಾರ್ಯರು ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡರು. "ಮೊದಲೇ ಡಬ್ಬಿಯೊಳಗ ಕೂದಲಾ ಸಿಗಲಿಕ್ಕೆ ಹತ್ಯಾವ. ಈಗ ಇದು ಬ್ಯಾರೆ. ಇದು ಬಗಿಹರಿಯೋ ತನಕ ನೀವು ಒಲಿ ಮುಂದ ನಿಂದರಬ್ಯಾಡ್ರಿ. ಡಬ್ಬಿ ಮುಚ್ಚಳಾ ಹಾಕ್ರಿ ಸಾಕು."

ಹನ್ನೆರಡು ಜನರ ಅಡುಗೆಯಿಂದ ಶುರುಮಾಡಿ ಆ ಅಡುಗೆಮನೆಯನ್ನು ಇಷ್ಟು ದೊಡ್ಡದು ಮಾಡಿದವರಿಗೆ ಮುಚ್ಚಳ ಹಾಕುವ ಕೆಲಸ! ನನಗೆ ಸಿಟ್ಟು ಎಷ್ಟು ಬಂತೆಂದರೆ ಆ ದಿನದ ಚಪಾತಿ ಒಂದೂ ದುಂಡಗೆ ಬರಲಿಲ್ಲ.

ಕೂದಲಿನ ಕತೆಯನ್ನೂ ಹೇಳಿಬಿಡುತ್ತೇನೆ. ಚಳಿಗಾಲದ ಆರಂಭದಲ್ಲಿ ವೈನಿಗೆ ಡೆಂಗಿ ಬಂದು ಹೋಗಿತ್ತು. ಜ್ವರ ಬಿಟ್ಟು ಎರಡು ಮೂರು ತಿಂಗಳಿಗೆ ಕೂದಲು ಉದುರತೊಡಗಿತು. ಒಂದು ದಿನ ಯಾರದೋ ಪಲ್ಯದಲ್ಲಿ ಒಂದೆಳೆ ಸಿಕ್ಕಿತು. ಅಷ್ಟೇ, ವೈನಿಗೆ ಜೀವ ಹೋದಷ್ಟು ನಾಚಿಕೆಯಾಯಿತು. ತಲೆಗೆ ಬಟ್ಟೆ ಬಿಗಿದರು. ಜೊತೆಗೆ ಸಿಕ್ಕಸಿಕ್ಕವರ ಮುಂದೆ ಕೂದಲಿನ ಕಷ್ಟ ಹೇಳಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ ಉಪಕಾರಿಗಳ ಸಾಲು.

ಸೊಸೆ ಯಕ್ಷಿತಾ ಆನ್‌ಲೈನಿನಲ್ಲಿ ತರಿಸಿದ ಕೂದಲಿನ ಗಮ್ಮಿ ಕೊಟ್ಟಳು. ಅದು ಕೆಂಪಗೆ ಪೆಪ್ಪರಮಿಂಟಿನಂತೆ ಇರುತ್ತದೆ. ವೈನಿಯ ಮನೆಯ ಬಿಲ್ಡಿಂಗಿನ ಕೆಳಗೆ ಪಾರ್ಲರ್ ಇಟ್ಟಿರುವ ಗುಲಾಫಶಾ "ಸ್ಕಿನ್ನು, ಹೇರು, ನೇಲು, ಮೂರಕ್ಕೂ ಒಂದೇ" ಎಂದು ಒಂದು ಗುಳಿಗೆಯ ಡಬ್ಬಿ ಕೊಟ್ಟಳು. ಗಂಡ ಪ್ರಲ್ಹಾದರಾಯರು ಮೆಡಿಕಲ್ಲಿನಿಂದ ಹಳದಿ ಬಣ್ಣದ ಮೆತ್ತನೆಯ ಗುಳಿಗೆ ತಂದರು. ಅಮೆರಿಕದಿಂದ ಬಂದ ಮೈದುನ ಗೋಡಂಬಿಗಿಂತ ದಪ್ಪನೆಯ ಬ್ರೆಜಿಲ್ ಬೀಜಗಳ ಒಂದು ದೊಡ್ಡ ಡಬ್ಬಿ ಕೊಟ್ಟು, ಅದರಲ್ಲಿ ಸೆಲೆನಿಯಮ್ ಇದೆ, ಕೂದಲಿಗೆ ಬಹಳ ಒಳ್ಳೆಯದು ಎಂದ. ಒಳ್ಳೆಯದೆಂದ ಮೇಲೆ ವೈನಿ ಸೆಲೆನಿಯಮ್ಮಿನ ಗುಳಿಗೆಯನ್ನೂ ತಾವೇ ಕೊಂಡರು.

ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ವೈನಿ ಯಾರ ಮನಸ್ಸನ್ನೂ ನೋಯಿಸುವವರಲ್ಲ, ಎಲ್ಲರದನ್ನೂ ತಿಂದರು. ಕೂದಲು ಇನ್ನಷ್ಟು ಉದುರಿತು. ಸಾಲುತ್ತಿಲ್ಲ ಎಂದು ಎಲ್ಲವನ್ನೂ ಎರಡೆರಡು ಮಾಡಿಕೊಂಡರು. ಬೀಜಗಳನ್ನಂತೂ ಒಗ್ಗರಣೆ ಹಾಕುತ್ತ ಹಾಕುತ್ತ ಕಡಲೆಕಾಯಿಯಂತೆ ಬಾಯಿಗೆ ಎಸೆದುಕೊಳ್ಳುತ್ತಿದ್ದರು. ಬಾಚಣಿಗೆಯಲ್ಲಿ ಬರುತ್ತಿದ್ದ ಕೂದಲು ಈಗ ದಿಂಬಿನ ಮೇಲೆ, ಟವೆಲಿನಲ್ಲಿ, ಬಟ್ಟೆ ಬಿಗಿದರೂ ಡಬ್ಬಿಯಲ್ಲಿ!

ಮಾರನೆಯ ದಿನ ಮುಚ್ಚಳ ಹಾಕುತ್ತ ಕೂತ ವೈನಿಯ ಕೈಯನ್ನು ನಾನು ಸರಿಯಾಗಿ ನೋಡಿದೆ. ಉಗುರಿನ ಮೇಲೆ ಬಿಳಿ ಗೆರೆಗಳು, ತುದಿಗಳು ಮುರಿದಿವೆ. ಅಂಗೈ ಸುಲಿಯುತ್ತಿದೆ. ತುಟಿ ಒಡೆದು ರಕ್ತ ಕಾಣುತ್ತಿದೆ. ತಲೆನೋವು ಬಿಡುವುದೇ ಇಲ್ಲವಂತೆ. ಬಾಯಲ್ಲಿ ತಾಮ್ರದ ತಂಬಿಗೆ ನೆಕ್ಕಿದಂತೆ ರುಚಿಯಂತೆ. ಎಲ್ಲ ಯಾವುದೋ ಪಾಪದ ಫಲವಂತೆ.

"ಇದು ಪಾಪದ ಫಲ ಅಲ್ರಿ ವೈನಿ, ಏನೋ ಬ್ಯಾನಿ ಅದ. ನಡೀರಿ ಡಾಕ್ಟರ್ ಕಡೆ" ಎಂದು ಅವತ್ತೇ ಸಂಜೆ ಸಯನಿನ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ.

ಚರ್ಮದ ಡಾಕ್ಟರ್ ಶೀತಲ್ ಚೆಂಬೂರಿನಲ್ಲಿ ಹುಟ್ಟಿ ಬೆಳೆದ ನಮ್ಮವರ ಹುಡುಗಿ. ಕನ್ನಡ ಮಾತಾಡುತ್ತಾಳೆ, ನಡುನಡುವೆ ಎಡವುತ್ತಾಳೆ. ತಲೆ ನೋಡಿದಳು, ಉಗುರು ನೋಡಿದಳು.

"ಆಂಟಿ, ದವಾಯಿ ಏನು ತಗೋತೀರಿ?"

"ಏನೂ ಇಲ್ಲವಾ. ನಂಗ ಬಿಪಿನೂ ಇಲ್ಲ, ಶುಗರ್ರೂ ಇಲ್ಲ."

ಡಾಕ್ಟರ್ ಇನ್ನಷ್ಟು ಹತ್ತಿರ ಬಂದು ಬಾಯಿ ನೋಡಿದಳು. "ಆಂಟಿ, ಇವತ್ತು ಲಸೂಣ್ ತಿಂದ್ರಿ ಏನು?"

ವೈನಿ ಎದ್ದು ನಿಂತುಬಿಟ್ಟರು. ಕಣ್ಣಲ್ಲಿ ನೀರು. "ನೀನೂ ಅಂದ್ಯಾ? ನಾ ಬೆಳ್ಳುಳ್ಳಿ ತಿನ್ನೂದೇ ಇಲ್ಲ. ಮಂದಾ, ನಡಿ ಹೋಗೂಣು."

"ಕೂಡ್ರಿ, ಕೂಡ್ರಿ" ಎಂದಳು ಡಾಕ್ಟರ್. ಅವಳ ಮುಖ ಮಾತ್ರ ಕಳೆದದ್ದೇನೋ ಸಿಕ್ಕಂತೆ ಅರಳಿತ್ತು. "ನೀವು ತಿನ್ನಲ್ಲ ಅಂದ್ರೆ ಅದು ಇನ್ನೂ ಇಂಪಾರ್ಟೆಂಟ್. ದವಾಯಿ ಬಿಡ್ರಿ. ವಿಟಮಿನ್, ಪೌಡರ್, ಟಾನಿಕ್, ಯಾರಾದ್ರೂ ಕೊಟ್ಟದ್ದು? ಅದೆಲ್ಲ ನಾಳೆ ತಗೊಂಡು ಬರ್ರಿ. ಇವತ್ತಿಂದ ಒಂದೂ ತಿನ್ನಬ್ಯಾಡ್ರಿ."

ಮರುದಿನ ವೈನಿ ತರಕಾರಿ ಚೀಲ ತುಂಬ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಡಾಕ್ಟರ್ ಒಂದೊಂದನ್ನೂ ತಿರುಗಿಸಿ, ಹಿಂದೆ ಇರುವೆ ಸಾಲಿನಂತೆ ಬರೆದದ್ದನ್ನು ಓದಿದಳು.

"ನೋಡ್ರಿ. ಗಮ್ಮಿಯಲ್ಲಿ ವಿಟಮಿನ್ ಎ. ಈ ಗುಳಿಗೆಯಲ್ಲಿ ಎ. ಈ ಹಳದಿಯಲ್ಲಿನೂ ಎ. ಮತ್ತೆ ನೀವು ಎಲ್ಲಾ ಡಬಲ್. ಬಿ, ಸಿ ಜಾಸ್ತಿ ಆದ್ರೆ ಬಹಳಷ್ಟು ಸೂಸೂದಲ್ಲಿ ಹೋಗ್ತದೆ. ಎ ಹಂಗಲ್ಲ. ಅದು ಕೊಬ್ಬಲ್ಲಿ ಕರಗೋದು, ಲಿವರ್‌ನಲ್ಲಿ ಜಮಾ ಆಗ್ತದೆ. ಜಾಸ್ತಿ ಆದ್ರೆ ತುಟಿ ಒಡೀತದೆ, ಚರ್ಮ ಸುಲೀತದೆ, ತಲೆನೋವು. ಮತ್ತೆ ಕೂದಲು ಬೀಳ್ತದೆ."

"ಕೂದಲಾ ಬರ್ಲಿ ಅಂತ ತಿಂದದ್ದಲ್ಲೇನವಾ?"

"ಅದೇ ಆಂಟಿ, ಕಮ್ಮಿ ಆದ್ರೂ ಬೀಳ್ತದೆ, ಜಾಸ್ತಿ ಆದ್ರೂ ಬೀಳ್ತದೆ. ಇನ್ನು ಇದು" ಎಂದು ಬೀಜದ ಡಬ್ಬಿ ಎತ್ತಿದಳು. "ಸೆಲೆನಿಯಮ್. ದಿನಕ್ಕೆ ಒಂದೆರಡು ಬೀಜ ಸಾಕು. ನೀವು ಮುಠ್ಠಿ ತಿಂದ್ರಿ, ಮೇಲೆ ಗುಳಿಗೆ. ಉಗುರಿನ ಗೆರೆ ಇದರದ್ದು, ಬಾಯಿಯ ಮೆಟಲ್ ರುಚಿ ಇದರದ್ದು. ಮೈಯಲ್ಲಿ ಜಾಸ್ತಿ ಆದ ಸೆಲೆನಿಯಮ್ ಗ್ಯಾಸ್ ಆಗಿ ಉಸಿರಲ್ಲಿ ಹೊರಗೆ ಬರ್ತದೆ. ಆ ಗ್ಯಾಸ್ ವಾಸನೆ ಸೇಮ್ ಟು ಸೇಮ್ ಲಸೂಣ್."

ವೈನಿ ಡಬ್ಬಿಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಅಡುಗೆಯವರ ಭಾಷೆಯಲ್ಲಿ ಅವರಿಗೆ ಅದು ಹೊಳೆಯಿತು. "ಒಂದೇ ಹುಳಿಗೆ ಐದು ಮಂದಿ ಒಬ್ಬರನ್ನೊಬ್ಬರು ಕೇಳದೇ ಉಪ್ಪು ಹಾಕಿದಂಗ ಆತಲ್ಲ ಮಂದಾ."

ಡಾಕ್ಟರ್ ರಕ್ತ ಪರೀಕ್ಷೆಗೆ ಬರೆದುಕೊಟ್ಟಳು. ಲಿವರ್, ವಿಟಮಿನ್ ಎ, ಸೆಲೆನಿಯಮ್, ಥೈರಾಯ್ಡ್. ಗಮ್ಮಿಯಲ್ಲಿರುವ ಬಯೋಟಿನ್ ಎಂಬ ಇನ್ನೊಂದು ವಿಟಮಿನ್ ಥೈರಾಯ್ಡಿನ ರಿಪೋರ್ಟನ್ನು ತಪ್ಪು ತೋರಿಸುವುದುಂಟಂತೆ, ಹಾಗಾಗಿ ಆ ಒಂದು ಪರೀಕ್ಷೆಯ ರಕ್ತವನ್ನು ಕೆಲವು ದಿನ ತಡೆದು ಕೊಡಬೇಕಂತೆ. ಡೆಂಗಿಯ ನಂತರ ಉದುರಿದ್ದು ಸುಮ್ಮನಿದ್ದಿದ್ದರೆ ತಾನಾಗಿಯೇ ನಿಂತು ಮತ್ತೆ ಬರುತ್ತಿತ್ತು ಎಂದೂ ಹೇಳಿದಳು. ಇದನ್ನು ಕೇಳಿ ನನಗೇ ಅಳು ಬಂತು.

ಕೊನೆಗೆ ಡಾಕ್ಟರ್ ಹಳದಿ ಗುಳಿಗೆಯ ಡಬ್ಬಿ ಎತ್ತಿ, ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದಳು. ಕೆಳಗೆ ಮಾಂಸಾಹಾರದ ಕಂದು ಗುರುತು ಕಂಡಿತು. "ಆಂಟಿ, ನೀವು ವೆಜ್ ಅಲ್ವಾ? ಇದು ಕಾಡ್ ಲಿವರ್ ಆಯಿಲ್. ಅಂದ್ರೆ... ಮಛ್ಲಿ. ಮೀನಿನ ಲಿವರ್ ಎಣ್ಣೆ."

ತಿಂದದ್ದೆಲ್ಲ ಮೈಗೆ ವಿಷವಾಗಿದೆ ಎಂದಾಗ ಅಲುಗದೆ ಕೂತಿದ್ದ ವೈನಿ ಈಗ ಕುರ್ಚಿಯ ಕೈ ಹಿಡಿದುಕೊಂಡರು.

ರಿಪೋರ್ಟು ಬಂತು. ಎ ಹೆಚ್ಚು, ಸೆಲೆನಿಯಮ್ ಹೆಚ್ಚು, ಲಿವರಿಗೆ ಸ್ವಲ್ಪ ತ್ರಾಸು, ಥೈರಾಯ್ಡ್ ಸರಿಯಿದೆ. ಎಲ್ಲ ನಿಲ್ಲಿಸಿದ್ದೇ ಔಷಧಿ. ವಾಸನೆ ಕೆಲವು ವಾರಕ್ಕೆ ಹೋಗುತ್ತದೆ, ಕೂದಲಿಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಲಿವರ್ ಮತ್ತೆ ನೋಡಬೇಕು ಎಂದಳು. ಬೆಳ್ಳುಳ್ಳಿ ವಾಸನೆಗೆ ಕಾರಣ ಸೆಲೆನಿಯಮ್ ಎಂದು ಒಂದು ಕಾಗದದಲ್ಲಿ ಬರೆದು ಸಹಿ ಮಾಡಿಕೊಟ್ಟಳು.

ಆಚಾರ್ಯರ ಕೋಣೆಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಹೇಳಿದೆ. "ಕಾಗದಾ ಕೊಡ್ರಿ, ಬಾಯಿ ಮುಚ್ಚಿಕೊಂಡು ಬರ್ರಿ. ಮೀನಿನ ಸುದ್ದಿ ತಗೀಬ್ಯಾಡ್ರಿ." ವೈನಿ ಹೂಂ ಎಂದರು. ಆಚಾರ್ಯರು ಕಾಗದವನ್ನು ಎರಡು ಸಲ ಓದಿ, ಸಮಾಧಾನದಿಂದ ತಲೆಯಾಡಿಸಿದರು. ಅಷ್ಟರಲ್ಲಿ ಈ ಪುಣ್ಯಾತ್ಮೆ ಬಾಯಿ ಬಿಟ್ಟೇಬಿಟ್ಟರು.

"ಬೆಳ್ಳುಳ್ಳಿ ತಿಂದಿಲ್ರಿ ಆಚಾರ್ರ. ಆದ್ರ ತಿಳೀಲಾರದ ಮೀನು ತಿಂದೀನಿ." ಹಾಗೆಂದು ಚೀಲದಿಂದ ಹಳದಿ ಡಬ್ಬಿಯನ್ನು ತೆಗೆದು ಮುಂದಿಟ್ಟರು. "ಇದರಾಗ. ಇನ್ನ ನೀವು ಒಲಿ ಮುಂದ ನಿಂದರ್ರಿ ಅಂದ್ರೂ ಸರಿ, ಬ್ಯಾಡ ಅಂದ್ರೂ ಸರಿ."

ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಆಚಾರ್ಯರು ಡಬ್ಬಿಯನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದಾರೆ, ಮುಖ ಬಿಳುಚಿದೆ.

"ಇದು ಮೀನೇನು?"

"ಹೌದ್ರಿ. ಮೀನಿನ ಲಿವರ್ ಎಣ್ಣಿ."

"ಮಂಡಿನೋವಿಗೆ ಛಲೋ ಅಂತ ಅಳಿಯಾ ತಂದುಕೊಟ್ಟಾನ" ಎಂದರು ಆಚಾರ್ಯರು ಬಹಳ ಸಣ್ಣ ದನಿಯಲ್ಲಿ. ಕಪಾಟು ತೆರೆದು ಅಂಥದೇ ಡಬ್ಬಿಯನ್ನು ಹೊರಗಿಟ್ಟರು. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. "ಉಂಡ ಮ್ಯಾಲೆ ಎರಡೆರಡು. ಏಕಾದಶಿಗೂ ಬಿಟ್ಟಿಲ್ಲ."

ಸೆರಗು ಬಾಯಿಗೆ ಒತ್ತಿಕೊಂಡರೂ ನನ್ನ ನಗು ಮೂಗಿನಿಂದ ಹೊರಬಿತ್ತು. ಆಚಾರ್ಯರು ನನ್ನ ಕಡೆ ನೋಡಲಿಲ್ಲ. "ಇಬ್ಬರೂ ಪಂಚಗವ್ಯ ತಗೊಳ್ಳೂಣು. ನಾಳಿಯಿಂದ ನೀವು ಒಲಿ ಮುಂದ ಬರ್ರಿ. ಈ ಮೀನಿನ ಮಾತು ಇಲ್ಲೇ ಇರಲಿ, ಅನುರಾಧಾಬಾಯಿ."

ವೈನಿ ಎದ್ದು ಸೆರಗು ಸರಿಮಾಡಿಕೊಂಡರು. ಯಾರಿಗೂ ಎದುರಾಡದ ಆ ಹೆಂಗಸು ಆಡಿದ ಮಾತನ್ನು ನಾನು ಮರೆಯಲಾರೆ.

"ಮೀನಿನ ಮಾತು ಇಲ್ಲೇ ಇರ್ತದ್ರಿ. ಬೆಳ್ಳುಳ್ಳಿ ಮಾತು ನೀವು ಇಲ್ಲಿ ಆಡಲಿಲ್ಲ. ಎಲ್ಲಾರ ಎದುರಿಗೆ ಆಡೀರಿ. ಎಲ್ಲಾರ ಎದುರಿಗೇ ತಿರುಗಿ ತಗೋಬೇಕು."

ಮರುದಿನ ಬೆಳಿಗ್ಗೆ ಆಚಾರ್ಯರು ಸ್ನಾನ ಮಾಡಿ, ಗೋಪೀಚಂದನ ಹಚ್ಚಿಕೊಂಡು ಅಡುಗೆಮನೆಯ ನಡುವೆ ಬಂದು ನಿಂತರು. ವೈನಿಯ ಉಸಿರಿನಲ್ಲಿ ವಾಸನೆ ಇನ್ನೂ ಇತ್ತು. ಆಚಾರ್ಯರು ಮೂಗು ಮುಚ್ಚಲಿಲ್ಲ, ಕಣ್ಣು ಮಾತ್ರ ಸ್ವಲ್ಪ ಸಣ್ಣ ಮಾಡಿದರು.

"ಅನುರಾಧಾಬಾಯಿ ಬೆಳ್ಳುಳ್ಳಿ ತಿಂದಿಲ್ಲ. ನಾ ತಪ್ಪು ಮಾತಾಡಿದೆ" ಎಂದರು.

ಪಾತ್ರೆ ತೊಳೆಯುವ ಮಲ್ಲಕ್ಕ ಅಲ್ಲಿಂದಲೇ ಕೇಳಿದಳು, "ಹಂಗಾದ್ರ ಏನು ತಿಂದಿದ್ರುರೀ?"

ಆಚಾರ್ಯರು ವೈನಿಯ ಕಡೆ ನೋಡಿದರು. ವೈನಿ ಕೊಪ್ಪರಿಗೆಯ ಕಡೆ ನೋಡಿದರು.

"ವಿಟಮಿನ್ನು" ಎಂದರು ಆಚಾರ್ಯರು, ಮತ್ತೆ ಸರಸರನೆ ಹೊರಗೆ ನಡೆದರು. ವೈನಿ ತಲೆಯ ಬಟ್ಟೆಯನ್ನು ಬಿಗಿಮಾಡಿಕೊಂಡು ಒಲೆ ಹೊತ್ತಿಸಿದರು.