ಸದರಿ ಸ್ಥಳದ ತಂತಿ

ನಾನು ಗುರುಪಾದಯ್ಯ, ನಿವೃತ್ತ ಕನ್ನಡ ಮಾಸ್ತರ. ನಿವೃತ್ತನಾದದ್ದು ನೌಕರಿಯಿಂದ ಮಾತ್ರ, ಕೆಂಪು ಪೆನ್ನಿನಿಂದಲ್ಲ. ತಿಕೋಟಾದ ವಿದ್ಯುತ್ ಶಾಖಾ ಕಚೇರಿಯ ಎದುರಿಗೆ ಸುರೈಯಾಳ ಟೈಪಿಂಗ್ ಅಂಗಡಿ ಇದೆ. ಅಲ್ಲಿ ಟೈಪಾಗುವ ಅರ್ಜಿಯೆಲ್ಲ ನನ್ನ ಕಣ್ಣು ದಾಟಿಯೇ ಹೋಗಬೇಕೆಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೇನೆ. ಯಾರೂ ಕೇಳಿರಲಿಲ್ಲ. ಕರೆಯದೆ ಬಂದವನಿಗೂ ಸುರೈಯಾ ಪಾಪ ಚಹಾ ಕೊಡುತ್ತಾಳೆ.

ಒಂದು ಸೋಮವಾರ ಘೋಣಸಗಿಯ ಗುರುಬಾಯಿ ನೋಟ್‌ಬುಕ್ಕಿನ ಹಾಳೆ ಹಿಡಿದು ಬಂದಳು. ಏಳನೆಯ ಇಯತ್ತೆ ಓದಿದವಳು, ತಾನೇ ಬರೆದಿದ್ದಳು: "ಸಾಹೇಬ್ರಿಗೆ ಶರಣು. ಮಾಳಪ್ಪನ ಗುಡಿ ಹಿಂದ ದೊಡ್ಡ ಜಾಲಿ ಗಿಡದ ಬಾಜು ವಿಧ್ಯುತ್ ವಾಯರ ಜೋತು ಬಿದ್ದೈತಿ. ನನ್ನ ಗಂಡ ಆಡಿಗೆ ತಪ್ಪಲ ಕಡಿಯಾಕ ಕುಡಗೋಲ ಕಟ್ಟಿದ ಗಳ ಎತ್ತಿದ್ರ ತಾಗತೈತಿ. ಅಂವ ದಿನಾ ಅಲ್ಲೇ ಹೋಗ್ತಾನ. ಸತ್ತಗಿತ್ತಾನಂತ ನನಗ ಭಾಳ ಹೆದರಿಕಿ. ಲಗೂ ಬರ್ರಿ." ಕೆಳಗೆ ಫೋನ್ ನಂಬರು.

ಹಾಳೆ ನೋಡಿ ನನ್ನ ಕೈ ಕಡಿಯತೊಡಗಿತು. 'ವಿಧ್ಯುತ್' ಎಂಬುದರ ಮಹಾಪ್ರಾಣ ತೆಗೆದೆ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಗುರುಪಾದಯ್ಯ ಹೇಗಾದೇನು?

"ಸಾವು, ಹೆದರಿಕೆ ಇವೆಲ್ಲಾ ಸರಕಾರಿ ಭಾಷಾದಾಗ ಬರಂಗಿಲ್ಲವ್ವಾ," ಅಂದೆ.

"ನಿಮಗ ತಿಳೀತೈತ್ರಿ ಮಾಸ್ತರ್ರ," ಅಂದಳು ಗುರುಬಾಯಿ.

ಕಡೆಗೆ ಪತ್ರ ಹೀಗೆ ನಿಂತಿತು: "ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಘೋಣಸಗಿ ಗ್ರಾಮದ ಸದರಿ ಸ್ಥಳದಲ್ಲಿ ವಿದ್ಯುತ್ ತಂತಿಯು ಅಪೇಕ್ಷಿತ ಮಟ್ಟಕ್ಕಿಂತ ಕೆಳಗಿದ್ದು, ಪಶುಪಾಲಕರಿಗೆ ಅನಾನುಕೂಲವಾಗುತ್ತಿರುವುದರಿಂದ, ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಂತಿ." ಫೋನ್ ನಂಬರು ಸಹಿಯ ಅಂದ ಕೆಡಿಸುತ್ತದೆಂದು ತೆಗೆಸಿದೆ. ಎರಡು ಪ್ರತಿ ಮಾಡಿಸಿ, ಒಂದನ್ನು ಎದುರಿನ ಕಚೇರಿಯ ಆವಕ ವಿಭಾಗದಲ್ಲಿ ಕೊಡಿಸಿ, ಇನ್ನೊಂದಕ್ಕೆ ಸೀಲು ಹಾಕಿಸಿ ಗುರುಬಾಯಿಯ ಕೈಗಿತ್ತೆ. ಆ ದಿನ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಎಂಟು ದಿನವಾದರೂ ಯಾರೂ ಬರಲಿಲ್ಲವೆಂದು ಆಕೆ ಮತ್ತೆ ಬಂದಾಗ, "ನಡಿ, ನಾನ ಕೇಳ್ತೇನಿ," ಎಂದು ಮೀಸೆ ತಿರುವುತ್ತ ಕಚೇರಿಗೆ ಹೊರಟೆ.

ಶಾಖಾಧಿಕಾರಿ ಸುಧಾರಾಣಿ ಫೈಲು ತೆಗೆದು ನಮ್ಮ ಪತ್ರ ನೋಡಿದರು. "ಇಂಥಾ ಶುದ್ಧ ಅರ್ಜಿ ನಮಗ ಬರೂದ ಇಲ್ರಿ ಸರ್. ಯಾರು ಬರದಾರ?"

"ನಾನಽ," ಅಂದೆ. ಎದೆ ಉಬ್ಬಿತು.

"ಆದ್ರ ಸದರಿ ಸ್ಥಳ ಅಂದ್ರ ಯಾವುದ್ರಿ? ಮ್ಯಾಲೆ ಎಲ್ಲೂ ಬರದಿಲ್ಲ. ಲೈನ್‌ಮನ್ ಎರಡು ಸಲ ಊರು ಸುತ್ತಿ ಬಂದಾನ. ಫೋನ್ ಮಾಡಾಕ ನಂಬರೂ ಇಲ್ಲ. ಅನಾನುಕೂಲ ಅಂದೀರಿ ಅಂತ ಮುಂದಿನ ತಿಂಗಳ ದುರಸ್ತಿ ಪಟ್ಟಿಗೆ ಹಾಕೇನಿ."

"ಮುಂದಿನ ತಿಂಗಳಾ?" ಗುರುಬಾಯಿ ಮುಂದೆ ಬಂದಳು. "ಯವ್ವಾ, ನಾ ಬರದಿದ್ನಲ್ರಿ! ಮಾಳಪ್ಪನ ಗುಡಿ ಹಿಂದ ಜಾಲಿ ಗಿಡ. ಗಳ ಎತ್ತಿದ್ರ ತಾಗತೈತ್ರಿ! ಈಗೂ ಅಂವ ಅಲ್ಲೇ ಹೋಗ್ಯಾನ."

ಸುಧಾರಾಣಿ ಒಮ್ಮೆ ಪತ್ರ ನೋಡಿದರು, ಒಮ್ಮೆ ನನ್ನನ್ನು. ಮರುಗಳಿಗೆ ಫೋನ್ ಅವರ ಕಿವಿಯಲ್ಲಿತ್ತು. "ಘೋಣಸಗಿ ಗುಡಿ ಹಿಂದಿನ ಲೈನ್ ಮೊದ್ಲ ಟ್ರಾನ್ಸ್‌ಫಾರ್ಮರಿನಾಗ ಬಂದ್ ಮಾಡು. ಆಮ್ಯಾಲ ಹೋಗಿ ತಂತಿ ಬಿಗಿ ಮಾಡು. ಈಗಿಂದೀಗ!"

ಗುರುಬಾಯಿ ಗಂಡನಿಗೆ ಫೋನ್ ಹಚ್ಚಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಹಚ್ಚಿದಳು. ಅವನಿಗೇನಾದರೂ ಆಗಿದ್ದರೆ ಕೊಂದವನು ನಾನೇ, ಅದೂ ತಪ್ಪಿಲ್ಲದ ಕನ್ನಡದಲ್ಲಿ. ಮೂರನೆಯ ಸಲ ಫೋನಿನೊಳಗೆ ಮೊದಲು ಆಡುಗಳು ಒದರಿದವು, ಆಮೇಲೆ ಅವಳ ಗಂಡ ಯಲಗೂರಪ್ಪ: "ಯಾಕ ಬೇ, ಹಂಗ್ಯಾಕ ಹಚ್ಚಾಕತ್ತಿ?"

"ಗಳ ಕೆಳಗಿಡು! ಆ ಗಿಡದ ಕಡೆ ಹೋಗಬ್ಯಾಡ!" ಎಂದವಳೇ ಕಚೇರಿಯ ನೆಲದ ಮೇಲೆ ಕುಸಿದು ಕೂತಳು. ಒಂದು ತಾಸಿನೊಳಗೆ ತಂತಿ ಮೇಲೇರಿತೆಂದು ಲೈನ್‌ಮನ್ ಫೋನ್ ಮಾಡಿದ. ಅಲ್ಲಿಯವರೆಗೂ ಆಕೆ ಎದ್ದಿರಲಿಲ್ಲ.

ನಾನೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. "ನಂದು ತಪ್ಪಾತವ್ವಾ," ಅಂದೆ. ಇಷ್ಟು ವರ್ಷದಲ್ಲಿ ಈ ಮಾತನ್ನು ಬೇರೆಯವರ ಬಾಯಿಂದ ಕೇಳಿದ್ದೇ ಹೆಚ್ಚು.

ಗುರುಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಅಕ್ಷರ ತಪ್ಪಿದ್ವು ಖರೇರಿ ಮಾಸ್ತರ್ರ, ತಿದ್ದಿದ್ರಿ, ಚಲೋ ಆತು," ಅಂದಳು. "ಆದ್ರ ನನ್ನ ಹೆದರಿಕಿ ಏನ್ ತಪ್ಪಿತ್ರಿ?"