ಎತ್ತಿ ಕೂರಿಸಿದ ಮುಖ

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಅವಳು ಮಾಡುವ ಕೆಲಸಕ್ಕೆ ಬಿಲ್ಲಿನಲ್ಲಿ ‘ಫಿನಿಶಿಂಗ್’ ಎಂದು ಬರೆಯುತ್ತಿದ್ದರು. ಮಾಲೀಕರು ಮಾತ್ರ ಅವಳನ್ನು ಕಣ್ಣಮ್ಮ ಎಂದೇ ಕರೆಯುತ್ತಿದ್ದರು. ಗುಂಪಿನ ಫೋಟೋದಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಅದೇ ಜನರ ಇನ್ನೊಂದು ಫೋಟೋದಿಂದ ತೆರೆದ ಕಣ್ಣನ್ನೋ, ಕೆಲವೊಮ್ಮೆ ಇಡೀ ಮುಖವನ್ನೋ ತಂದು ಅಲ್ಲಿ ಕೂರಿಸುವುದು ಅವಳ ಕೆಲಸ. ಮೊದಲೆಲ್ಲ ಅಂಚು ಕತ್ತರಿಸಿ, ಬಣ್ಣ ಹೊಂದಿಸಿ, ನೆರಳು ಬಳಿದು ಒಂದು ಮುಖಕ್ಕೆ ಅರ್ಧ ದಿನ ಹೋಗುತ್ತಿತ್ತು. ಈಗ ಫೋನಿನಲ್ಲಿ ಮುಖ ಬದಲಿಸುವ ಆ್ಯಪ್ ಇತ್ತು. ಎರಡು ಫೋಟೋ ಹಾಕಿ, ಯಾವ ಮುಖ ಎಂದು ತೋರಿಸಿದರೆ ಉಸಿರು ಬಿಡುವಷ್ಟರಲ್ಲಿ ಮುಗಿಯಿತು. ಮಿಕ್ಕ ಸಣ್ಣಪುಟ್ಟ ಒರಟನ್ನು ಅವಳು ಕೈಯಿಂದ ನಯ ಮಾಡುತ್ತಿದ್ದಳು.

ಆ ದಿನ ಮಾಲೀಕರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ತಲೆ ಕೆರೆದುಕೊಂಡರು.

“ಕಣ್ಣಮ್ಮ, ಆ ಹೊಲಿಗೆ ಕಾರ್ಖಾನೆಯೋರು ಹೊಸ ರಾಗ ತೆಗ್ದಿದ್ದಾರೆ. ಗುಂಪಿನ ಫೋಟೋನ ತಮ್ಮ ಕೈಪಿಡೀಲಿ ಹಾಕ್ಬೇಕಂತೆ. ಅದಕ್ಕೆ ಮುಂಚೆ, ಅವರ ಕೆಲಸಗಾರರ ಮುಖಗಳನ್ನ ಯಾವುದಾದ್ರೂ ಹೊರಗಿನ ಆ್ಯಪಿಗೆ ಹಾಕಿದ್ದೀರಾ, ಹಾಕಿದ್ರೆ ಅದರ ಷರತ್ತು ಏನು ಅಂತ ಕೇಳಿದ್ದಾರೆ.”

“ಷರತ್ತು ಯಾರು ಓದ್ತಾರೆ, ಸಾರ್?”

“ನಾನೂ ಅದೇ ಅಂದೆ. ಯಾರಾದ್ರೂ ಓದ್ಬೇಕಂತೆ. ನಂಗೆ ಮದುವೆ ಕಾಗದ ಓದಿದ್ರೇ ನಿದ್ದೆ ಬರುತ್ತೆ. ನೀನೇ ಒಂದ್ಸಲ ಕಣ್ಣು ಹಾಯಿಸ್ಬಿಡು.”

ಅವಳು ನಕ್ಕು ಆ್ಯಪ್ ತೆರೆದಳು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಖಾಸಗಿತನದ ನೀತಿಯನ್ನು ಮೊದಲ ಸಲ ಒತ್ತಿದಳು. ಬೆರಳು ಸವೆಯುವಷ್ಟು ಉದ್ದವಿತ್ತು. ವಕೀಲರ ಮಾತು, ಒಂದು ವಾಕ್ಯ ಹಿಡಿದರೆ ಇನ್ನೊಂದು ಜಾರುತ್ತಿತ್ತು. ನಿಘಂಟು ನೋಡುತ್ತಾ, ಹಾಳೆಯ ಮೇಲೆ ಗೀಚುತ್ತಾ ನಿಧಾನವಾಗಿ ಓದಿದಳು.

ಆರಂಭ ಸಮಾಧಾನವಾಗಿಯೇ ಇತ್ತು. ಹಾಕಿದ ಫೋಟೋಗಳನ್ನು ಕೆಲಸ ಮುಗಿದ ಮೇಲೆ ಸ್ವಲ್ಪ ಸಮಯದಲ್ಲೇ ಸರ್ವರಿನಿಂದ ಅಳಿಸುತ್ತೇವೆ ಎಂದಿತ್ತು. ಸದ್ಯ ಎಂದುಕೊಂಡು ಮುಂದಿನ ಸಾಲಿಗೆ ಹೋದಳು. ಅಲ್ಲಿ ಬೇರೆಯೇ ಮಾತಿತ್ತು. ಫೋಟೋದಿಂದ ತೆಗೆದ ‘ಮುಖದ ಲಕ್ಷಣಗಳ ಮಾಹಿತಿ’, ಅಂದರೆ ಕಣ್ಣು, ಮೂಗು, ತುಟಿ, ದವಡೆ ಎಲ್ಲೆಲ್ಲಿ ಇವೆ, ಎಷ್ಟೆಷ್ಟು ದೂರದಲ್ಲಿವೆ ಎಂಬ ಅಳತೆಗಳನ್ನು ಅಂಕಿಗಳಾಗಿ ಮಾಡಿದ್ದು ಫೋಟೋ ಎಂದು ಲೆಕ್ಕವಾಗುವುದಿಲ್ಲ. ಅದನ್ನು ಕೊನೆಯ ಬಳಕೆಯ ನಂತರ ಮೂರು ವರ್ಷದವರೆಗೆ ಇಟ್ಟುಕೊಳ್ಳಬಹುದು. ಅದಕ್ಕೂ ಕೆಳಗೆ, ಬಳಕೆಯ ಷರತ್ತಿನಲ್ಲಿ, ನೀವು ಹಾಕಿದ್ದನ್ನೂ ಅದರಿಂದ ಮಾಡಿದ್ದನ್ನೂ ತಂತ್ರಾಂಶವನ್ನು ಪಳಗಿಸಲು, ಪ್ರಚಾರಕ್ಕೆ ಬಳಸಲು, ಪಾಲುದಾರ ಸಂಸ್ಥೆಗಳಿಗೆ ಕೊಡಲು ನಮಗೆ ಹಕ್ಕು ಕೊಡುತ್ತೀರಿ. ಖಾತೆ ಮುಚ್ಚಿದರೂ ಈ ಹಕ್ಕು ಹೋಗುವುದಿಲ್ಲ. ಕೊನೆಯಲ್ಲಿ, ಫೋಟೋದಲ್ಲಿರುವ ಪ್ರತಿಯೊಬ್ಬರ ಒಪ್ಪಿಗೆಯನ್ನೂ ನೀವು ಪಡೆದಿದ್ದೀರೆಂದು ಖಾತರಿ ಕೊಡುತ್ತೀರಿ.

ಆ ಖಾತರಿಯನ್ನು ಅವಳು ಕೊಟ್ಟಿದ್ದಳು. ಆ್ಯಪ್ ಹಾಕಿಕೊಂಡ ದಿನ ಚೌಕದಲ್ಲಿ ಸರಿ ಗುರುತು ಒತ್ತಿದ್ದಷ್ಟೇ.

ಆಗ ಕಾರ್ಖಾನೆಯ ಫೋಟೋ ನೆನಪಾಯಿತು. ಅದನ್ನು ಹಾಕಿದಾಗ ಸಾಲಿನಲ್ಲಿದ್ದ ಪ್ರತಿ ಹೆಂಗಸಿನ ಮುಖದ ಸುತ್ತ ಆ್ಯಪ್ ಒಂದೊಂದು ಚೌಕ ಎಳೆದಿತ್ತು. ಹಿಂದಿನ ಸಾಲಿನ ಮೂಲೆಯಲ್ಲಿ ಒಬ್ಬಳು ತಲೆ ಬಗ್ಗಿಸಿದ್ದಳು. ಅರ್ಧ ಮುಖ ಮುಂದಿನವಳ ಹೆಗಲಿನ ಮರೆಯಲ್ಲಿತ್ತು. ಅವಳು ಇವಳ ಓರಗಿತ್ತಿ, ಮೈದುನನ ಹೆಂಡತಿ.

ಓರಗಿತ್ತಿ ಮನೆ ಬಿಟ್ಟು ಹೋಗಿದ್ದು ಗಂಡ ಮುರಿದ ಮುಂಗೈ ಕೂಡಿಕೊಳ್ಳುವ ಮೊದಲೇ. ಎಲ್ಲಿದ್ದಾಳೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಇವಳೊಬ್ಬಳಿಗೇ. ಕಾರ್ಖಾನೆಯ ಗುರುತಿನ ಚೀಟಿಗೆಂದು ಅವಳ ಬಾಡಿಗೆ ಕೋಣೆಯ ಕಿಟಕಿಯ ಬಳಿ ನಿಲ್ಲಿಸಿ ಇವಳೇ ಫೋಟೋ ತೆಗೆದಿದ್ದಳು. ಬೆಳಕು ನೇರವಾಗಿ ಬಿದ್ದು ಮುಖ ಸ್ವಚ್ಛವಾಗಿ ಬಂದಿತ್ತು. ಗುಂಪಿನ ಫೋಟೋ ಕೈಗೆ ಬಂದಾಗ ಮೂಲೆಯ ಬಗ್ಗಿದ ತಲೆಯೇ ಮೊದಲು ಕಣ್ಣಿಗೆ ಬಿದ್ದಿತ್ತು. ಪಾಪ, ಎಲ್ಲ ಫೋಟೋದಲ್ಲೂ ಅವಳದ್ದೇ ಕೆಟ್ಟು ಹೋಗುತ್ತದೆ ಎಂದುಕೊಂಡು, ತನ್ನ ಫೋನಿನ ಆ ಸ್ವಚ್ಛ ಮುಖವನ್ನು ಆ್ಯಪಿಗೆ ಹಾಕಿ ಬಗ್ಗಿದ ಮುಖದ ಜಾಗದಲ್ಲಿ ಎತ್ತಿ ಕೂರಿಸಿದ್ದಳು. ಯಾರೂ ಹೇಳಿರಲಿಲ್ಲ. ಪ್ರೀತಿಯಿಂದ ಮಾಡಿದ್ದು.

ಈಗ ಅವಳ ಬೆರಳು ತಾನಾಗಿಯೇ ಓಡಿತು. ಖಾತೆ ಅಳಿಸು ಎಂಬುದನ್ನು ಒತ್ತಿದಳು. ಖಚಿತವೇ ಎಂದು ಕೇಳಿತು, ಖಚಿತ ಎಂದಳು. ಆ್ಯಪನ್ನೂ ತೆಗೆದು ಹಾಕಿದಳು. ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಕಂಪನಿಯ ಜಾಲತಾಣದಲ್ಲಿ ಉಳಿದದ್ದನ್ನು ಓದಿದಳು: ಮುಖದ ಮಾಹಿತಿ ಅಳಿಸಬೇಕಾದರೆ ನಿಮ್ಮ ಖಾತೆಯ ಸಂಖ್ಯೆಯೊಂದಿಗೆ ಬರೆಯಿರಿ; ಆ್ಯಪನ್ನು ಫೋನಿನಿಂದ ತೆಗೆದ ಮಾತ್ರಕ್ಕೆ ಮಾಹಿತಿ ಅಳಿಯುವುದಿಲ್ಲ. ಸಂಖ್ಯೆ ಇದ್ದದ್ದು ಆ್ಯಪಿನ ಒಳಗೆ. ಅದನ್ನು ಅವಳು ಎಂದೂ ನೋಡಿರಲಿಲ್ಲ.

ಸಂಖ್ಯೆ ಇಲ್ಲದೆಯೇ ಬರೆದು ಕಳಿಸಿದಳು. ಬಳಿಕ ಮಾಲೀಕರ ಬಳಿ ಹೋಗಿ ಎಲ್ಲ ಹೇಳಿದಳು, ಓರಗಿತ್ತಿಯ ಸಂಗತಿಯೊಂದನ್ನು ಬಿಟ್ಟು.

ಅವರು ಲೆನ್ಸ್ ಒರೆಸತೊಡಗಿದರು. “ಹಾಕಿಲ್ಲ ಅಂತ ಬರೆದು ಕೊಟ್ರೆ?”

“ಹಾಕಿದ್ದೀವಲ್ಲ, ಸಾರ್.”

“ಹಾಕಿದ್ದೀವಿ,” ಎಂದು ಅವರೂ ಹೇಳಿದರು. “ಸರಿ. ಹಾಗೇ ಬರೀತೀನಿ. ಬೈದ್ರೆ ಬೈಸ್ಕೊಳ್ಳೋಣ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ. ಕೈ ಹಾಕಿದ್ದನ್ನ ಅಳಿಸಿ, ಕೈ ಹಾಕದೆ ಇರೋ ಮೊದಲಿನ ಫೋಟೋನೇ ಕೊಡು, ಮುಚ್ಚಿದ ಕಣ್ಣಾದ್ರೂ ಅವರವರದ್ದೇ ಆಗಿರಲಿ.”

ಇಷ್ಟು ಸುಲಭವಾಗಿ ಸ್ಟುಡಿಯೋದ ಕಡೆಯದೆಲ್ಲ ಸರಿಹೋಗುತ್ತಿತ್ತು. ಆ್ಯಪಿನ ಕಂಪನಿಯ ಕಡೆಯದರ ತುದಿ ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಸಂಜೆ ಮನೆಯ ಹಜಾರದಲ್ಲಿ ಮೈದುನ ಕಾಲು ಚಾಚಿ ಕೂತು ಫೋನಿನ ವಿಡಿಯೋಗಳನ್ನು ತಳ್ಳುತ್ತಿದ್ದ. ಇದು ಅವನ ದಿನದ ಚಾಳಿ. ಇವಳು ಎಂದೂ ಕಿವಿಗೊಟ್ಟವಳಲ್ಲ. ಇಂದು ಒಂದೊಂದು ವಿಡಿಯೋದ ಸದ್ದಿಗೂ ಕತ್ತರಿಸುತ್ತಿದ್ದ ತರಕಾರಿಯ ಮೇಲೆ ಚಾಕು ನಿಲ್ಲುತ್ತಿತ್ತು. ನಡುನಡುವೆ ಮುಖ ಬದಲಿಸುವ ಜಾಹೀರಾತುಗಳು ಬರುತ್ತಿದ್ದವು. ಸಾಮಾನ್ಯ ಹೆಂಗಸೊಬ್ಬಳ ಮುಖ ರಾಣಿಯ ಮೈ ಮೇಲೆ, ಯೋಧನ ಮೈ ಮೇಲೆ.

“ಅತ್ತಿಗೆ, ಬನ್ನಿ ಇಲ್ಲಿ, ನೋಡಿ ಇವಳನ್ನ.”

ಅವಳು ಎದ್ದು ಹೋದಳು. ಪರದೆಯ ಮೇಲೆ ಯಾರೋ ಅಪರಿಚಿತೆ ಮೀಸೆ ಅಂಟಿಸಿಕೊಂಡು ಕುಣಿಯುತ್ತಿದ್ದಳು.

“ಯಾಕೆ ಹಾಗೆ ಬೆಳ್ಳಗಾದ್ರಿ? ತಮಾಷೆಗೆ ತೋರಿಸಿದೆ,” ಎಂದ ಮೈದುನ. ಆಮೇಲೆ, ಪರದೆಯಿಂದ ಕಣ್ಣು ತೆಗೆಯದೆ, “ಎಲ್ಲಿದ್ರೂ ಒಂದಲ್ಲ ಒಂದಿನ ಸಿಕ್ತಾಳೆ ಬಿಡಿ,” ಎಂದ. ಯಾರೆಂದು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಓರಗಿತ್ತಿಯ ಮುಖ ಜಾಹೀರಾತಿಗೆ ಹೋಗುತ್ತದೆಂದು ಏನೂ ಇಲ್ಲ. ಲಕ್ಷಾಂತರ ಮುಖಗಳಲ್ಲಿ ಅದೊಂದನ್ನೇ ಯಾರು ಆರಿಸುತ್ತಾರೆ? ಹೀಗೆ ತನಗೆ ತಾನೇ ಹೇಳಿಕೊಂಡಳು. ಹೋಗುವುದಿಲ್ಲವೆಂದು ಹೇಳಬಲ್ಲವರೂ ಯಾರೂ ಇರಲಿಲ್ಲ. ಓರಗಿತ್ತಿಗೆ ಹೇಳದೇ ಇದ್ದುಬಿಡಬಹುದಿತ್ತು. ಹೇಳದಿದ್ದರೆ ಅವಳು ನೆಮ್ಮದಿಯಿಂದ ನಿದ್ದೆ ಮಾಡುತ್ತಾಳೆ. ಆದರೆ ಆ ನೆಮ್ಮದಿಗೂ ಅವಳನ್ನು ಕೇಳದೆ ಇವಳೇ ಒಪ್ಪಿಗೆ ಕೊಟ್ಟಂತಾಗುತ್ತದೆ.

ಕೆಲವು ದಿನಗಳ ನಂತರ ಕಂಪನಿಯಿಂದ ಉತ್ತರ ಬಂತು. ತುಂಬ ವಿನಯದ ಉತ್ತರ. ಖಾತೆಯ ಸಂಖ್ಯೆ ಇಲ್ಲದೆ ಮಾಹಿತಿ ಹುಡುಕಲಾಗದು. ಪರ್ಯಾಯವಾಗಿ, ಆ ವ್ಯಕ್ತಿಯೇ ತನ್ನ ಗುರುತಿನ ಚೀಟಿಯನ್ನೂ, ನೇರವಾಗಿ ನೋಡುತ್ತಿರುವ, ಬಳಸಿದ್ದನ್ನೇ ಹೋಲುವ ಸ್ಪಷ್ಟ ಫೋಟೋವನ್ನೂ ಕಳಿಸಿದರೆ ಹೋಲಿಸಿ ನೋಡಲು ಪ್ರಯತ್ನಿಸುತ್ತೇವೆ.

ಅವಳು ಮರುದಿನ ಊಟದ ಬಿಡುವಿನಲ್ಲಿ ಕಾರ್ಖಾನೆಯ ಗೇಟಿನ ಬಳಿ ನಿಂತಳು. ಓರಗಿತ್ತಿ ತಲೆಗೂದಲಿಗೆ ಅಂಟಿದ ನೂಲಿನ ಎಳೆ ಕೀಳುತ್ತಾ ಬಂದಳು. ಮೊದಲಿಗಿಂತ ಮೈ ತುಂಬಿಕೊಂಡಿದ್ದಳು.

“ಏನಕ್ಕ, ಹೇಳದೆ ಕೇಳದೆ ಬಂದ್ಬಿಟ್ಟೆ? ನಾನಿಲ್ಲಿ ಮೇಸ್ತ್ರಿ ಆಗಿದ್ದೀನಿ ಗೊತ್ತಾ? ಎಲ್ರಿಗೂ ಬೈಯ್ಯೋ ಕೆಲಸ. ಸಂಬಳ ಬೇರೆ ಕೊಡ್ತಾರೆ.”

ಇಬ್ಬರೂ ಗೋಡೆಯ ನೆರಳಿನಲ್ಲಿ ಕೂತರು. ಇವಳು ಒಂದೂ ಬಿಡದೆ ಹೇಳಿದಳು. ಓರಗಿತ್ತಿಯ ನಗು ನಿಧಾನವಾಗಿ ಇಳಿಯಿತು.

“ಅಕ್ಕ, ಫೋಟೋ ಕೆಟ್ಟಿರಲಿಲ್ಲ. ನಾನು ಬೇಕಂತ್ಲೇ ತಲೆ ಬಗ್ಗಿಸಿದ್ದು. ಎತ್ತರದವಳೊಬ್ಬಳನ್ನ ಹುಡುಕಿ ಅವಳ ಹಿಂದೆ ಹೋಗಿ ನಿಂತಿದ್ದೆ.”

“ನಂಗೆ ಹೊಳೀಲಿಲ್ಲ ಕಣೇ. ಚೆನ್ನಾಗಿ ಕಾಣ್ಲಿ ಅಂತ...”

“ಎಲ್ರ ಒಪ್ಪಿಗೆ ಇದೆ ಅಂತ ಗುರುತು ಹಾಕ್ಬೇಕು ಅಂದ್ಯಲ್ಲ. ಹಾಕುವಾಗ ನನ್ನ ನೆನಪಾಯ್ತಾ?”

“ಯಾರ ನೆನಪೂ ಆಗ್ಲಿಲ್ಲ.”

ಓರಗಿತ್ತಿ ತಲೆಯಾಡಿಸಿದಳು. ಸಿಟ್ಟು ಮಾಡಿಕೊಂಡಿದ್ದರೆ ಇವಳಿಗೆ ಒಳ್ಳೆಯದಿತ್ತು. “ಅವನೂ ಹಾಗೇ ಅಲ್ವಾ ಅಕ್ಕ. ಕೇಳಬೇಕು ಅಂತಾನೇ ಅವನಿಗೆ ತೋಚ್ತಿರಲಿಲ್ಲ,” ಎಂದಳು. ಮರುಕ್ಷಣವೇ ಇವಳ ಮಂಡಿಯ ಮೇಲೆ ಕೈಯಿಟ್ಟು, “ನಿನ್ನನ್ನ ಅವನ ಜೊತೆ ಸೇರಿಸ್ತಿಲ್ಲ. ಬಾಯಿಗೆ ಬಂತು,” ಎಂದಳು.

“ಆ ಕಂಪನಿಗೆ ನೀನೇ ಬರೆದ್ರೆ ಹುಡುಕ್ತಾರಂತೆ. ಚೀಟಿ, ಫೋಟೋ ಕೊಡ್ಬೇಕು.”

“ಚೀಟೀಲಿ ನನ್ನ ಹೆಸರಿದೆ, ವಿಳಾಸ ಇದೆ. ಈಗ ಅವರ ಹತ್ರ ಇರೋದು ಹೆಸರಿಲ್ಲದ ಮುಖ. ನಾನೇ ಹೋಗಿ ಹೆಸರು, ಮನೆ ಎಲ್ಲ ಜೋಡಿಸಿ ಕೊಡ್ಲಾ?”

ಇವಳು ಕಂಪನಿಯ ಉತ್ತರವನ್ನು ಫೋನಿನಲ್ಲಿ ತೆರೆದು ಮತ್ತೊಮ್ಮೆ ಓದಿದಳು.

“ಖಂಡಿತ ಅಳಿಸ್ತೀವಿ ಅಂತ ಬರ್ದಿದ್ದಾರಾ?”

“ಪ್ರಯತ್ನ ಮಾಡ್ತೀವಿ ಅಂದಿದ್ದಾರೆ.”

“ಹಾಗಾದ್ರೆ ಬೇಡ.” ಓರಗಿತ್ತಿ ಗೇಟಿನ ಕಡೆ ನೋಡಿದಳು. ಒಳಗಿನಿಂದ ಯಾರೋ ಅವಳನ್ನು ಮೇಸ್ತ್ರಕ್ಕಾ ಎಂದು ಕೂಗಿದರು. ಅವಳು ಇವಳ ಕಡೆ ತಿರುಗಿದಳು. “ಆ ಫೋಟೋ ಇನ್ನೂ ನಿನ್ನ ಫೋನಲ್ಲಿದೆಯಾ?”

“ಇದೆ.”

“ಅದನ್ನೂ ಅಳಿಸು. ನನ್ನೆದುರಿಗೇ.”

“ನನ್ನ ಹತ್ರ ನಿಂದು ಇರೋದು ಅದೊಂದೇ. ಇನ್ಮೇಲೆ ಅವರಿಗೆ ಬರೀಬೇಕು ಅನಿಸಿದ್ರೂ ಕಳಿಸೋಕೆ ಆ ಫೋಟೋ ಇರಲ್ಲ.”

“ಗೊತ್ತು. ನಿನ್ನ ಫೋನು ಹಜಾರದಲ್ಲಿ ಬಿದ್ದಿರುತ್ತೆ, ಅವನೂ ಅಲ್ಲೇ ಇರ್ತಾನೆ.” ದನಿ ತಗ್ಗಿಸಿ ಹೇಳಿದಳು: “ನಾನು ಇಲ್ಲಿ ಇರಲ್ಲ ಅಕ್ಕ. ಬೇರೆ ಕಡೆ ಇವರದ್ದೇ ಇನ್ನೊಂದು ಕಾರ್ಖಾನೆ ಇದೆ. ಕೇಳಿದ್ರೆ ಅಲ್ಲಿಗೆ ಹಾಕಿ ಕೊಡ್ತಾರೆ. ಎಲ್ಲಿ ಅಂತ ನಿಂಗೆ ಹೇಳಲ್ಲ. ಬೇಜಾರ್ ಮಾಡ್ಕೋಬೇಡ.”

“ಈಗ ತಾನೇ ಮೇಸ್ತ್ರಿ ಆಗಿದ್ದೀಯ.”

“ಅಲ್ಲಿ ಮತ್ತೆ ಹೊಲಿಯೋದ್ರಿಂದ ಶುರು ಮಾಡ್ತೀನಿ. ಕೈ ಮರೆತಿಲ್ಲ.”

ಇವಳು ಫೋನು ತೆರೆದಳು. ಕಿಟಕಿಯ ಬೆಳಕಿನಲ್ಲಿ ಓರಗಿತ್ತಿ ನೇರವಾಗಿ ನೋಡುತ್ತಿದ್ದಳು, ಹೆದರಿಕೆ ಇನ್ನೂ ಪೂರ್ತಿ ಆರದ, ಆದರೂ ಮುಂದಿನ ದಿನದ ಬಗ್ಗೆ ಯೋಚಿಸುತ್ತಿರುವ ಮುಖ. ಅಳಿಸಿದಳು. ಅಳಿಸಿದ್ದು ಹೋಗಿ ಕೂರುವ ಕಡತಕ್ಕೆ ಹೋಗಿ ಅಲ್ಲಿಂದಲೂ ತೆಗೆದಳು. ಓರಗಿತ್ತಿ ಫೋನು ಇಸಿದುಕೊಂಡು, ಬೇರೆಲ್ಲೂ ಉಳಿದಿಲ್ಲವೆಂದು ತಾನೇ ನೋಡಿ ವಾಪಸು ಕೊಟ್ಟಳು. ಆಮೇಲೆ ಎದ್ದು, ಸೀರೆಯ ಧೂಳು ಕೊಡವಿಕೊಂಡು, ಬರ್ತೀನಿ ಅಕ್ಕ ಎಂದು ಒಳಗೆ ಹೋದಳು.

ಮುಂದಿನ ವಾರ ಓರಗಿತ್ತಿಯ ನಂಬರಿಗೆ ಫೋನು ಮಾಡಿದಾಗ ಬಳಕೆಯಲ್ಲಿಲ್ಲ ಎಂಬ ದನಿ ಬಂತು. ಅವಳು ಹಿಂದಿನ ಕೋಣೆಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಓರಗಿತ್ತಿಯ ಮುಖವನ್ನು ನೆನೆಯಲು ನೋಡಿದಳು. ಹುಬ್ಬು ಬಂತು, ಮೂಗು ಬಂತು. ತುಟಿ ಹೇಗಿತ್ತೆಂದು ಸರಿಯಾಗಿ ಕೂರಿಸಲಾಗಲಿಲ್ಲ. ಅದರ ಅಳತೆ ತಪ್ಪಿಲ್ಲದೆ ಇದ್ದದ್ದು ಈಗ ಅವಳು ಎಂದೂ ಕಾಣದ ಯಾವುದೋ ಸರ್ವರಿನಲ್ಲಿ ಮಾತ್ರ.